ಚೆಕ್ ಬೌನ್ಸ್ ನೋಟಿಸ್ ಕನ್ನಡದಲ್ಲಿ: ಯಾವ ಇಂಗ್ಲಿಷ್ ಪದ ಉಳಿಸಿದೆ, ಯಾವುದನ್ನು ಬಿಟ್ಟೆ

ನಾನು ತಾಲ್ಲೂಕು ಕೋರ್ಟಿನಲ್ಲಿ ವಕೀಲಿಕೆ ಮಾಡುತ್ತೇನೆ. ಸೀನಿಯರ್ ಆಫೀಸಿನಲ್ಲಿ ಚೆಕ್ ಬೌನ್ಸ್ ನೋಟಿಸ್‌ಗೆ ಒಂದು ಇಂಗ್ಲಿಷ್ ನಮೂನೆ ಇತ್ತು. ಹೆಸರು, ಮೊತ್ತ, ತಾರೀಕು ಬದಲಿಸಿ ಕಳಿಸುವುದಷ್ಟೇ ನಮ್ಮ ಕೆಲಸ. ಒಂದು ದಿನ ಹಳ್ಳಿಯ ಅಂಗಡಿಯವರೊಬ್ಬರು ಆ ನೋಟಿಸನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು ಬಂದರು. "ಇದ್ರಲ್ಲಿ ಏನಿದೆ ಸಾರ್, ಯಾರಿಗೂ ಸರಿಯಾಗಿ ಓದಕ್ಕೆ ಬರ್ತಿಲ್ಲ" ಅಂದರು. ಅವರಿಗೆ ನೋಟಿಸ್ ತಲುಪಿ ಆಗಲೇ 20 ದಿನ ಕಳೆದಿತ್ತು. ದುಡ್ಡು ಕಟ್ಟಲು ಕಾನೂನು ಕೊಡುವುದು 15 ದಿನ. ಅವರು ನಮ್ಮ ಎದುರು ಪಾರ್ಟಿ, ನಾನು ಸಲಹೆ ಕೊಡುವ ಹಾಗಿರಲಿಲ್ಲ. ಬೇರೆ ವಕೀಲರನ್ನು ನೋಡಿ ಅಂತ ಹೇಳಿ ಕಳಿಸಿದೆ. ಮುಂದಿನ ನೋಟಿಸ್ ಕನ್ನಡದಲ್ಲಿ ಬರೆಯಬೇಕು ಎಂದು ಅವತ್ತೇ ತೀರ್ಮಾನ ಮಾಡಿದೆ. ನೋಟಿಸ್ ಬರಹದಲ್ಲಿರಬೇಕು ಎಂದು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್‌ನ ಕಲಂ 138 ಹೇಳುತ್ತದೆ, ಇಂಥದ್ದೇ ಭಾಷೆಯಲ್ಲಿ ಇರಬೇಕು ಎಂದು ಹೇಳುವುದಿಲ್ಲ.

ಮುಂದಿನ ಕೇಸು ಪಶು ಆಹಾರದ ವ್ಯಾಪಾರಿಯದು. ಅವರು ನಮ್ಮ ಕಕ್ಷಿದಾರರು. ಹಿಂಡಿ, ಬೂಸಾ ಉದ್ರಿ ತೆಗೆದುಕೊಂಡಿದ್ದ ಹಳ್ಳಿ ಅಂಗಡಿಯವರೊಬ್ಬರು 1,84,500 ರೂಪಾಯಿಗೆ ಚೆಕ್ ಕೊಟ್ಟಿದ್ದರು. ಚೆಕ್ಕಿನ ತಾರೀಕು ಜನವರಿ 12. ಚೆಕ್ ನಗದಾಗಲಿಲ್ಲ ಎಂಬ ಬ್ಯಾಂಕಿನ ಮೆಮೊ ನಮ್ಮವರ ಕೈಗೆ ಬಂದದ್ದು 19ಕ್ಕೆ. ಆ ದಿನದಿಂದ 30 ದಿನದ ಒಳಗೆ ನೋಟಿಸ್ ಕಳಿಸಬೇಕು. ಸಮಯ ಇತ್ತು. ಇಂಗ್ಲಿಷ್ ನಮೂನೆಯನ್ನು ಪಕ್ಕದಲ್ಲಿಟ್ಟುಕೊಂಡು ಒಂದು ಸಂಜೆ ಕೂತು ಪೂರ್ತಿ ಅಚ್ಚಗನ್ನಡದಲ್ಲಿ ಬರೆದೆ. ಖುಷಿಯಾಗಿ ಸೀನಿಯರ್‌ಗೆ ಕೊಟ್ಟೆ. ಅವರು ಓದಿ, ಐದಾರು ಕಡೆ ಕೆಂಪು ಗೆರೆ ಎಳೆದು, "ಇದನ್ನ ಎದುರು ವಕೀಲರ ಕೈಗೆ ಕೊಟ್ರೆ ಹಬ್ಬ ಮಾಡ್ತಾರೆ" ಅಂದರು.

ಮೊದಲ ಗೆರೆ "ಅಮಾನ್ಯ" ಎಂಬ ಪದದ ಕೆಳಗೆ. "ಸದರಿ ಚೆಕ್ ಅಮಾನ್ಯಗೊಂಡಿದೆ" ಎಂದು ಬರೆದಿದ್ದೆ. ಪತ್ರಿಕೆಗಳಲ್ಲಿ ಎಷ್ಟೋ ಸಲ ಓದಿದ ಪದ. ಆದರೆ ಅಮಾನ್ಯ ಅಂದರೆ ಜನಕ್ಕೆ ನೆನಪಾಗುವುದು 2016ರ ನೋಟು ರದ್ದತಿ. ಇದ್ದ ಬೆಲೆ ಹೋಯಿತು, ಚಲಾವಣೆ ನಿಂತಿತು ಎಂಬ ಅರ್ಥ. ನಮ್ಮ ಕೇಸು ನಿಂತಿರುವುದೇ ಚೆಕ್ ಸಿಂಧುವಾಗಿತ್ತು ಎಂಬುದರ ಮೇಲೆ. ತಾರೀಕಿನಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಿದ್ದೇವೆ, ಆಗ ಅದು ಜೀವಂತ ಚೆಕ್. ಅಂಥದ್ದನ್ನು ನಾವೇ ಅಮಾನ್ಯ ಅನ್ನುವುದು ಯಾಕೆ? "ಅನಾದರಣೆ" ಎಂಬ ಇನ್ನೊಂದು ಪದ ಇದೆ, ಕೋರ್ಟಿನ ಕನ್ನಡದಲ್ಲಿ ನಡೆಯುತ್ತದೆ. ಅಂಗಡಿಯವರಿಗೆ ಅದು ಯಾರನ್ನೋ ಮನೆಗೆ ಕರೆದು ಮರ್ಯಾದೆ ಕೊಡದ ಹಾಗೆ ಕೇಳಿಸುತ್ತದೆ. ಕೊನೆಗೆ "ಚೆಕ್ ನಗದಾಗದೆ ವಾಪಸ್ ಬಂದಿದೆ" ಎಂದು ಬರೆದೆ. ಅದರ ಪಕ್ಕದಲ್ಲಿ ಒಂದೇ ಒಂದು ಸಲ, ಕಾಯ್ದೆಯಲ್ಲಿ ಇದಕ್ಕೆ ಡಿಸ್‌ಆನರ್ ಅನ್ನುತ್ತಾರೆ ಎಂದು ಸೇರಿಸಿದೆ. ಬೌನ್ಸ್ ಎಂಬ ಪದ ಬಾಯಲ್ಲಿ ಎಲ್ಲರೂ ಆಡುತ್ತಾರೆ, ಆದರೆ ಅದು ಕಲಂ 138ರಲ್ಲೂ ಇಲ್ಲ, ಬ್ಯಾಂಕಿನ ಮೆಮೊದಲ್ಲೂ ಇರಲಿಲ್ಲ. ಹಾಗಾಗಿ ಬಿಟ್ಟೆ.

ಎರಡನೇ ಗೆರೆ ಚೆಕ್ ವಾಪಸ್ ಬಂದ ಕಾರಣದ ಕೆಳಗೆ. ಮೆಮೊದಲ್ಲಿ ಇದ್ದದ್ದು "ಫಂಡ್ಸ್ ಇನ್‌ಸಫಿಷಿಯಂಟ್". ನಾನು ಬರೆದದ್ದು "ಖಾತೆಯಲ್ಲಿ ಹಣವಿಲ್ಲದ ಕಾರಣ". ಸೀನಿಯರ್ ಕೇಳಿದರು: "ಹಣವೇ ಇರ್ಲಿಲ್ಲ ಅಂತ ನಿಂಗೆ ಯಾರು ಹೇಳಿದ್ರು? ಅವ್ರ ಅಕೌಂಟಲ್ಲಿ ಒಂದು ಲಕ್ಷ ಇದ್ದಿದ್ರೆ?" ಸರಿ ತಾನೇ? ಮೆಮೊ ಹೇಳುವುದು ಸಾಕಷ್ಟು ಹಣ ಇಲ್ಲ ಎಂದಷ್ಟೇ. ಎದುರಿನವರು ಪಾಸ್‌ಬುಕ್ ಹಿಡಿದು ಬಂದು, ದುಡ್ಡಿತ್ತು ನೋಡಿ, ನೋಟಿಸೇ ಸುಳ್ಳು ಎನ್ನಬಹುದು. ಕೇಸು ಅಷ್ಟಕ್ಕೇ ಬಿದ್ದುಹೋಗದಿದ್ದರೂ ಪಾಟಿ ಸವಾಲಿನಲ್ಲಿ ಅರ್ಧ ಗಂಟೆ ಅದಕ್ಕೇ ಹೋಗುತ್ತದೆ.

ಈ ಕಾರಣಗಳನ್ನು ಅನುವಾದ ಮಾಡುವುದೇ ತಪ್ಪು ಎಂದು ನನಗೆ ಅರ್ಥವಾದದ್ದು ಇಲ್ಲಿ. ಓವರ್‌ಡ್ರಾಫ್ಟ್ ಇರುವ ಖಾತೆಯ ಚೆಕ್ ವಾಪಸ್ ಬಂದರೆ ಮೆಮೊದಲ್ಲಿ "ಎಕ್ಸೀಡ್ಸ್ ಅರೇಂಜ್‌ಮೆಂಟ್" ಎಂದು ಬರುವುದುಂಟು. ಬ್ಯಾಂಕು ಒಪ್ಪಿದ ಮಿತಿಗಿಂತ ಚೆಕ್ಕಿನ ಮೊತ್ತ ಜಾಸ್ತಿಯಾಗಿದೆ ಎಂದರ್ಥ. ಅದನ್ನು "ವ್ಯವಸ್ಥೆಯನ್ನು ಮೀರಿದೆ" ಎಂದು ಕನ್ನಡ ಮಾಡಿದ ಒಂದು ನೋಟಿಸ್ ನೋಡಿದ್ದೇನೆ. ಓದಿದರೆ ಅಂಗಡಿಯವರು ಸರ್ಕಾರದ ವಿರುದ್ಧ ದಂಗೆ ಎದ್ದ ಹಾಗಿತ್ತು. ಈಗ ನಾನು ಮೆಮೊದ ಮಾತನ್ನು ಇಂಗ್ಲಿಷ್ ಅಕ್ಷರದಲ್ಲೇ, ಅಲ್ಲಿ ಇದ್ದ ಹಾಗೆ ಉದ್ಧರಣ ಚಿಹ್ನೆಯೊಳಗೆ ಹಾಕುತ್ತೇನೆ. ಮುಂದಿನ ವಾಕ್ಯದಲ್ಲಿ "ಅಂದರೆ, ಚೆಕ್ಕಿನ ಮೊತ್ತಕ್ಕೆ ಸಾಕಾಗುವಷ್ಟು ಹಣ ನಿಮ್ಮ ಬ್ಯಾಂಕ್ ಖಾತೆಯಲ್ಲಿ ಇರಲಿಲ್ಲ" ಎಂದು ಬರೆಯುತ್ತೇನೆ. ಮ್ಯಾಜಿಸ್ಟ್ರೇಟರು ಮೆಮೊ ಪಕ್ಕದಲ್ಲಿಟ್ಟು ನೋಡಿದರೆ ಅಕ್ಷರ ಅಕ್ಷರವೂ ಹೊಂದಬೇಕು. ಅಂಗಡಿಯವರು ಓದಿದರೆ ವಿಷಯ ತಿಳಿಯಬೇಕು.

ಅಲ್ಲಿಂದ ನನಗೆ ಒಂದು ದಾರಿ ಸಿಕ್ಕಿತು. ಪ್ರತಿ ಪದಕ್ಕೂ ಒಂದು ಪ್ರಶ್ನೆ: ಇದನ್ನು ಯಾರಾದರೂ ಬೇರೊಂದು ಕಾಗದದ ಜೊತೆ ಹೊಂದಿಸಿ ನೋಡುತ್ತಾರಾ, ಅಥವಾ ಓದಿ ಏನಾದರೂ ಮಾಡುತ್ತಾರಾ? ಹೊಂದಿಸಿ ನೋಡುವ ಪದ ಆ ಕಾಗದದಲ್ಲಿ ಇದ್ದ ಹಾಗೇ ಇರಬೇಕು. ಓದಿ ಮಾಡಬೇಕಾದ ಮಾತು ಕನ್ನಡದಲ್ಲಿ ಇರಬೇಕು.

ಕಾಯ್ದೆಯ ಹೆಸರು ಮೊದಲ ಗುಂಪಿನದು. 1881ರ ಈ ಕಾಯ್ದೆಗೆ ಕನ್ನಡದಲ್ಲಿ ಒಬ್ಬರು "ವರ್ಗಾವಣೀಯ ಲಿಖಿತಗಳು" ಅನ್ನುತ್ತಾರೆ, ಇನ್ನೊಬ್ಬರು "ಪರಕ್ರಾಮ್ಯ ಲಿಖಿತಗಳು" ಅನ್ನುತ್ತಾರೆ. ಕೋರ್ಟ್ ಆವರಣದಲ್ಲಿ ಟೀ ಮಾರುವ ಹುಡುಗನೂ ಎನ್.ಐ. ಆಕ್ಟ್ ಅನ್ನುತ್ತಾನೆ. ನಾನು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್, 1881, ಕಲಂ 138 ಎಂದೇ ಬರೆದೆ. ಚೆಕ್ ನಂಬರ್, ಬಿಲ್ ನಂಬರ್, ಮೊತ್ತ ಎಲ್ಲಕ್ಕೂ 1, 2, 3 ಅಂಕಿಗಳೇ. ಕನ್ನಡ ಅಂಕಿ ನನಗೆ ಇಷ್ಟ, ಆದರೆ ಚೆಕ್ ಮೇಲೆ ಅಚ್ಚಾಗಿರುವುದು ಅದಲ್ಲ. ಮೊತ್ತವನ್ನು ಅಕ್ಷರದಲ್ಲಿ ಮಾತ್ರ ಕನ್ನಡದಲ್ಲಿ ಬರೆದೆ: ಒಂದು ಲಕ್ಷದ ಎಂಬತ್ತನಾಲ್ಕು ಸಾವಿರದ ಐನೂರು.

ಅಂಗಡಿ ಹೆಸರಿನಲ್ಲಿ ಸ್ವಲ್ಪ ತಲೆ ಕೆಡಿಸಿಕೊಂಡೆ. ಚೆಕ್ಕಿನಲ್ಲಿ ಇಂಗ್ಲಿಷ್, ಬೋರ್ಡಿನಲ್ಲಿ ಕನ್ನಡ, ಎರಡರಲ್ಲೂ ಇನಿಷಿಯಲ್ ಬೇರೆ ಬೇರೆ ಥರ. ಎಚ್ ಬರೆಯಬೇಕೋ ಹೆಚ್ ಬರೆಯಬೇಕೋ ಎಂಬ ಜಗಳ ಬೇರೆ. ಮೊದಲ ಪ್ಯಾರಾದಲ್ಲಿ ಕನ್ನಡ ಹೆಸರು ಬರೆದು, ಚೆಕ್ ಮೇಲೆ ಅಚ್ಚಾದ ಹೆಸರು ಇದು ಎಂದು ಇಂಗ್ಲಿಷ್ ಅಕ್ಷರದಲ್ಲೂ ಕೊಟ್ಟೆ. ಆಮೇಲೆ ಉದ್ದಕ್ಕೂ "ನೀವು".

ಈ "ನೀವು" ಇನ್ನೊಂದು ತೊಡಕನ್ನೂ ಬಿಡಿಸಿತು. ಇಂಗ್ಲಿಷ್ ನಮೂನೆಯಲ್ಲಿ ಚೆಕ್ ಬರೆದುಕೊಟ್ಟವರಿಗೆ ಡ್ರಾಯರ್ ಅನ್ನುತ್ತಾರೆ. ಅದನ್ನು ಹಾಗೇ ಉಳಿಸೋಣ ಎಂದುಕೊಂಡಿದ್ದೆ. ನಮ್ಮ ಗುಮಾಸ್ತರು ಕೇಳಿದರು: "ಡ್ರಾ ಮಾಡಿದ್ದು ಅಂದ್ರೆ ದುಡ್ಡು ತಗೊಂಡಿದ್ದು ಅಲ್ವಾ ಸಾರ್?" ಹೌದು, ನಮ್ಮ ಕಡೆ ಬ್ಯಾಂಕಿಂದ ದುಡ್ಡು ತೆಗೆಯುವುದಕ್ಕೇ ಡ್ರಾ ಮಾಡೋದು ಅನ್ನುತ್ತಾರೆ. ಆ ಪದ ಇಟ್ಟರೆ ಯಾರು ಯಾರಿಗೆ ಕೊಡಬೇಕು ಎಂಬುದೇ ತಿರುಗುಮುರುಗು. "ನೀವು ಸಹಿ ಮಾಡಿ ಕೊಟ್ಟ ಚೆಕ್" ಎಂದು ಬರೆದೆ, ಮುಗಿಯಿತು.

ಇಂಗ್ಲಿಷ್ ಪದಗಳಷ್ಟೇ ಮೋಸ ಮಾಡುವುದಿಲ್ಲ, ಒಳ್ಳೆಯ ಕನ್ನಡ ಪದಗಳೂ ಕೈಕೊಡುತ್ತವೆ. "ನಿಮ್ಮ ಖಾತೆಯಲ್ಲಿ" ಎಂದು ಎರಡು ಕಡೆ ಬರೆದಿದ್ದೆ. ಒಂದು ಕಡೆ ಬ್ಯಾಂಕ್ ಖಾತೆ, ಇನ್ನೊಂದು ಕಡೆ ನಮ್ಮ ವ್ಯಾಪಾರಿಯ ಪುಸ್ತಕದಲ್ಲಿ ಅವರ ಹೆಸರಿನ ಉದ್ರಿ ಖಾತೆ. ಎರಡನೆಯದನ್ನು "ಲೆಜರ್" ಮಾಡಿದೆ, ಆ ಪುಸ್ತಕದ ರಟ್ಟಿನ ಮೇಲೆ ಇದ್ದದ್ದೂ ಅದೇ. "ಸಾಲ" ಎಂಬ ಪದ ಇನ್ನೂ ಅಪಾಯದ್ದು. ಇಂಗ್ಲಿಷಿನ ಡೆಟ್‌ಗೆ ಸಾಲ ಎಂದು ಬರೆದಿದ್ದೆ. ಊರಲ್ಲಿ ಸಾಲ ಅಂದರೆ ಕೈಸಾಲ, ಬಡ್ಡಿ ಸಾಲ. "ನಾನು ಇವರ ಹತ್ರ ಸಾಲವೇ ಮಾಡಿಲ್ಲ" ಎಂದು ಅವರು ಉತ್ತರ ಕೊಟ್ಟರೆ ಅದು ಸುಳ್ಳೂ ಅಲ್ಲ. ಹಾಗಾಗಿ "ನೀವು ಖರೀದಿಸಿದ ಪಶು ಆಹಾರದ ಬಾಬ್ತು ಕೊಡಬೇಕಾದ ಬಾಕಿ" ಎಂದು ತಿದ್ದಿದೆ.

ಎಲ್ಲಕ್ಕಿಂತ ದೊಡ್ಡ ತಪ್ಪು ದುಡ್ಡು ಕೇಳುವ ವಾಕ್ಯದಲ್ಲೇ ಇತ್ತು. ನಮೂನೆಯಲ್ಲಿ ರಿಸೀಟ್ ಆಫ್ ದಿಸ್ ನೋಟಿಸ್ ಎಂದಿತ್ತು. ನಾನು "ಈ ನೋಟಿಸಿನ ರಸೀದಿಯ ದಿನಾಂಕದಿಂದ 15 ದಿನಗಳ ಒಳಗೆ" ಎಂದು ಬರೆದುಬಿಟ್ಟಿದ್ದೆ. ರಸೀದಿ ಅಂದರೆ ಅಂಚೆ ಕಚೇರಿಯಲ್ಲಿ ನಮಗೆ ಕೊಡುವ ಚೀಟಿ. ಅದರ ಮೇಲಿರುವುದು ನಾವು ಕಳಿಸಿದ ದಿನ, ಅವರಿಗೆ ತಲುಪಿದ ದಿನ ಅಲ್ಲ. ಕಾನೂನು 15 ದಿನ ಎಣಿಸುವುದು ಕೈಗೆ ತಲುಪಿದ ಮೇಲೆ. ನನ್ನ ವಾಕ್ಯ ಅವರ ದಿನಗಳನ್ನೇ ಕದ್ದಿತ್ತು. ಈಗಿನ ವಾಕ್ಯದಲ್ಲಿ ನೋಟಿಸ್, ಚೆಕ್ ಬಿಟ್ಟರೆ ಇಂಗ್ಲಿಷ್ ಇಲ್ಲ:

"ಈ ನೋಟಿಸ್ ನಿಮ್ಮ ಕೈಗೆ ತಲುಪಿದ ದಿನದಿಂದ 15 ದಿನಗಳ ಒಳಗೆ ಮೇಲ್ಕಂಡ ಚೆಕ್ಕಿನ ಮೊತ್ತ ರೂ. 1,84,500ನ್ನು ನನ್ನ ಕಕ್ಷಿದಾರರಿಗೆ ಪಾವತಿಸಬೇಕು."

ಬಡ್ಡಿ, ನೋಟಿಸ್ ಖರ್ಚನ್ನು ಈ ವಾಕ್ಯಕ್ಕೆ ಸೇರಿಸಲಿಲ್ಲ, ಬೇರೆ ವಾಕ್ಯ ಮಾಡಿದೆ. ಚೆಕ್ಕಿನ ಮೊತ್ತ ಪ್ರತ್ಯೇಕವಾಗಿ ಕಾಣಬೇಕು ಎಂದು ಸುಪ್ರೀಂ ಕೋರ್ಟ್ 2000ರಲ್ಲೇ ಹೇಳಿದೆ. ಶಿಕ್ಷೆಯ ವಿಷಯವನ್ನೂ ಕನ್ನಡದಲ್ಲೇ ನೇರವಾಗಿ ಬರೆದೆ: ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ, ಇಲ್ಲವೇ ಎರಡೂ. ನಮೂನೆಯ ಕೊನೆಯಲ್ಲಿದ್ದ ವಿದೌಟ್ ಪ್ರಿಜುಡಿಸ್ ಎಂಬುದನ್ನು "ಪೂರ್ವಾಗ್ರಹವಿಲ್ಲದೆ" ಮಾಡಿದ್ದೆ. ಸೀನಿಯರ್ ಅದಕ್ಕೆ ಗೆರೆ ಕೂಡ ಎಳೆಯಲಿಲ್ಲ, ಸುಮ್ನೆ ನಕ್ಕರು. "ನನ್ನ ಕಕ್ಷಿದಾರರ ಬೇರೆ ಹಕ್ಕುಗಳಿಗೆ ಇದರಿಂದ ಬಾಧೆ ಇಲ್ಲ" ಎಂದು ಬದಲಿಸಿದೆ.

ನೋಟಿಸಿನ ನೆತ್ತಿಯ ಮೇಲೆ ಹಳೇ ನಮೂನೆಯ ಆರ್‌ಪಿಎಡಿ, ಅಂದರೆ ಸ್ವೀಕೃತಿ ಚೀಟಿ ಸಮೇತದ ರಿಜಿಸ್ಟರ್ಡ್ ಪೋಸ್ಟ್, ಎಂಬುದು ಉಳಿದುಕೊಂಡಿತ್ತು. 2025ರಲ್ಲಿ ಅಂಚೆ ಇಲಾಖೆ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದೆ. ಲಕೋಟೆಯ ಮೇಲೆ ಏನಿರುತ್ತದೋ ಅದೇ ನೋಟಿಸ್ ಮೇಲೂ ಇರಲಿ ಎಂದು ಸ್ಪೀಡ್ ಪೋಸ್ಟ್ ಎಂದು ಹಾಕಿದೆ. ಕಳಿಸುವ ಮೊದಲು ಗುಮಾಸ್ತರ ಹತ್ತಿರ ಒಮ್ಮೆ ಜೋರಾಗಿ ಓದಿಸಿದೆ. ಅವರು ತಡವರಿಸಿದ ಒಂದೆರಡು ಕಡೆ ವಾಕ್ಯ ಒಡೆದೆ. ಜನವರಿ 28ಕ್ಕೆ ಅಂಚೆಗೆ ಹಾಕಿದೆವು.

ಅಂಗಡಿಯವರಿಗೆ ತಲುಪಿದ್ದು 31ಕ್ಕೆ. ಎರಡನೇ ವಾರದಲ್ಲಿ ಅವರೇ ನಮ್ಮ ವ್ಯಾಪಾರಿಯ ಅಂಗಡಿಗೆ ಹೋಗಿದ್ದರಂತೆ. ನೋಟಿಸಿನಲ್ಲಿ 15 ಎಂಬ ಅಂಕಿಗೆ ಪೆನ್ನಿನಲ್ಲಿ ಸುತ್ತು ಹಾಕಿತ್ತಂತೆ. ಮೂಟೆ ಲೆಕ್ಕದ ಬಗ್ಗೆ ಸ್ವಲ್ಪ ಜಗಳವಾಡಿ, ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: ಈ 15 ದಿನದಲ್ಲಿ ಭಾನುವಾರ ಸೇರುತ್ತಾ ಇಲ್ವಾ? ವ್ಯಾಪಾರಿ ಅಲ್ಲಿಂದಲೇ ನನಗೆ ಫೋನ್ ಮಾಡಿದರು. ಸೇರುತ್ತೆ ಅಂದೆ. ಈಗ ನಮೂನೆಯಲ್ಲಿ "15 ದಿನಗಳ" ಎಂಬುದರ ಮುಂದೆ "ರಜಾ ದಿನಗಳೂ ಸೇರಿ" ಎಂದಿದೆ.