ಕಲಸಿದ ಮೆಹೆಂದಿ ನೆನೆಯಬೇಕು, ಹಚ್ಚಿದ ಬಣ್ಣ ಮಾಗಬೇಕು

ಮೆಹೆಂದಿ ತೆಗೆದ ತಕ್ಷಣ ಕೈ ಕಿತ್ತಳೆ ಬಣ್ಣಕ್ಕಿದ್ದರೆ ಹಾಕಿಸಿಕೊಂಡವರ ಮುಖ ಸಪ್ಪಗಾಗುತ್ತದೆ. ಆದರೆ ಸರಿಯಾಗಿ ಕಲಸಿದ ಮೆಹೆಂದಿ ಮೊದಲು ಕೊಡುವುದೇ ಕಿತ್ತಳೆ. ಅದು ಎಷ್ಟು ಗಾಢವಾಗುತ್ತದೆ ಎಂಬುದು ಬಹುಮಟ್ಟಿಗೆ ಹಚ್ಚುವ ಮೊದಲೇ, ಪಾತ್ರೆಯಲ್ಲೇ ತೀರ್ಮಾನವಾಗಿರುತ್ತದೆ.

ಒಣ ಎಲೆಯ ಪುಡಿಯಲ್ಲಿ ಬಣ್ಣದ ಅಂಶ ಸಕ್ಕರೆಯ ಜಾತಿಯ ಅಣುವಿಗೆ ಅಂಟಿಕೊಂಡಿರುತ್ತದೆ. ಆ ಸ್ಥಿತಿಯಲ್ಲಿ ಅದು ಚರ್ಮಕ್ಕೆ ಹಿಡಿಯುವುದಿಲ್ಲ. ನೀರು ಮತ್ತು ಸ್ವಲ್ಪ ಹುಳಿ ಸೇರಿದಾಗ ಆ ಅಂಟು ನಿಧಾನವಾಗಿ ಬಿಟ್ಟು, ಲಾಸೋನ್ ಎಂಬ ಬಣ್ಣ ಹೊರಬರುತ್ತದೆ. ಮೆಹೆಂದಿ 'ಬಣ್ಣ ಬಿಟ್ಟಿದೆ' ಅನ್ನುವುದು ಇದಕ್ಕೇ. ಕಲಸಿದ ಕೂಡಲೇ ಹಚ್ಚಿದರೆ ಎಷ್ಟು ಹೊತ್ತು ಇಟ್ಟರೂ ತೆಳು ಕಿತ್ತಳೆ ದಾಟುವುದಿಲ್ಲ.

ನಾನು 50 ಗ್ರಾಂ ಪುಡಿಗೆ ಕಲಸುವುದು ಹೀಗೆ. ಪುಡಿ ಹಸಿರಾಗಿ, ಹುಲ್ಲಿನ ವಾಸನೆ ಇರಬೇಕು; ತೆಳು ಬಟ್ಟೆಯಲ್ಲಿ ಸೋಸಿದರೆ ಕೋನ್ ಕಟ್ಟಿಕೊಳ್ಳುವುದಿಲ್ಲ. ಅದಕ್ಕೆ 15 ಮಿಲಿ ಲ್ಯಾವೆಂಡರ್ ಎಣ್ಣೆ ಹಾಕುತ್ತೇನೆ. ಇಂಥ ಸುಗಂಧ ತೈಲ ಗಾಢತೆಗೆ ಸಹಾಯ ಮಾಡುತ್ತದೆ. ಅಡುಗೆ ಎಣ್ಣೆಯಿಂದ ಅದು ಆಗುವುದಿಲ್ಲ, ಲವಂಗದ ಎಣ್ಣೆಯಂತೂ ಚರ್ಮವನ್ನೇ ಸುಡಬಹುದು. ಆಮೇಲೆ ಸೋಸಿದ ನಿಂಬೆರಸ ಮತ್ತು ನೀರನ್ನು ಸಮ ಬೆರೆಸಿ, ಸುಮಾರು 100 ಮಿಲಿ ಸುರಿದು ಮುದ್ದೆಯಷ್ಟು ಗಟ್ಟಿಯಾಗಿ ಕಲಸುವುದು. ಮೊದಲೇ ತೆಳುವಾದರೆ ಆಮೇಲೆ ಸರಿಪಡಿಸಲಾಗದು. ಮೇಲ್ಮೈಗೆ ಪ್ಲಾಸ್ಟಿಕ್ ಹಾಳೆ ಒತ್ತಿ, ಗಾಳಿ ಆಡದಂತೆ ಮುಚ್ಚಿಡಬೇಕು.

ಎಷ್ಟು ಹೊತ್ತು ಎಂಬುದನ್ನು ಸೆಖೆಯೇ ಹೇಳುತ್ತದೆ. ಕೋಣೆ 25 ಡಿಗ್ರಿ ಆಸುಪಾಸಿನಲ್ಲಿದ್ದರೆ ರಾತ್ರಿ ಕಲಸಿಟ್ಟದ್ದು ಬೆಳಗ್ಗೆ ಸಿದ್ಧ. 35ರ ಸೆಖೆಯಲ್ಲಿ ಕೆಲವೇ ಗಂಟೆ ಸಾಕು, ಚಳಿಯಲ್ಲಿ ಇಡೀ ದಿನವೂ ಹಿಡಿಯಬಹುದು. ಪುಡಿಯಿಂದ ಪುಡಿಗೂ ವ್ಯತ್ಯಾಸವಿದೆ. ಹಾಗಾಗಿ ಗಡಿಯಾರಕ್ಕಿಂತ ಪಾತ್ರೆಯನ್ನು ನೋಡುವುದೇ ಮೇಲು. ಗಾಳಿ ತಾಗಿದ ಮೇಲ್ಪದರ ಕಂದಾಗಿ, ಚಮಚದಲ್ಲಿ ಕೆದಕಿದರೆ ಒಳಗೆ ಹಸಿರು ಕಾಣಬೇಕು. ಆಗ ಅಂಗೈ ಮೇಲೆ ಒಂದು ಚುಕ್ಕಿ ಇಟ್ಟು ಐದು ನಿಮಿಷ ಬಿಟ್ಟು ಒರೆಸಿ: ಎದ್ದು ಕಾಣುವ ಕಿತ್ತಳೆ ಗುರುತು ಉಳಿದರೆ ಬಣ್ಣ ಬಿಟ್ಟಿದೆ. ಮಾಸಲು ಹಳದಿ ಕಂಡರೆ ಇನ್ನೂ ಕಾಯಬೇಕು. ಸಿದ್ಧವಾದ ಮೇಲೆ ಒಂದು ಟೇಬಲ್ ಚಮಚ ಸಕ್ಕರೆ ಪುಡಿ ಸೇರಿಸಿ, ಅದು ಕರಗಿ ಸಡಿಲವಾದ ನಂತರವೇ ಉಳಿದ ರಸವನ್ನು ಹನಿಹನಿಯಾಗಿ ಹಾಕಿ ಹದಕ್ಕೆ ತನ್ನಿ. ಸಕ್ಕರೆಯಿಂದ ಮೆಹೆಂದಿ ಬೇಗ ಒಣಗಿ ಉದುರದೆ ಚರ್ಮಕ್ಕೆ ಅಂಟಿಕೊಂಡಿರುತ್ತದೆ.

ಹೆಚ್ಚು ಕಾಯುವುದೂ ತೊಂದರೆಯೇ. ಹೊರಬಂದ ಬಣ್ಣ ಪಾತ್ರೆಯಲ್ಲೇ ಗಾಳಿಯೊಡನೆ ವರ್ತಿಸುತ್ತಾ ಹೋಗುತ್ತದೆ, ಚರ್ಮಕ್ಕೆ ಹಿಡಿಯುವ ಶಕ್ತಿ ತಗ್ಗುತ್ತದೆ. ಹುಳಿ ಇದನ್ನು ನಿಧಾನಿಸುತ್ತದೆ. ಬರೀ ನೀರಿನಲ್ಲಿ ಕಲಸಿದ್ದು ಬೇಗ ಸಿದ್ಧವಾಗಿ ಬೇಗ ಸೋಲುತ್ತದೆ. ಒಳಗಿನ ಹಸಿರೂ ಹೋಗಿ ಪೂರ್ತಿ ಕಂದಾಗಿದ್ದರೆ ಸಮಯ ಮೀರಿದೆ ಎಂದೇ ಲೆಕ್ಕ. ಉಳಿದದ್ದನ್ನು ಕೋನ್‌ಗೆ ತುಂಬಿ ಫ್ರೀಜರ್‌ನಲ್ಲಿಟ್ಟರೆ ತಿಂಗಳುಗಟ್ಟಲೆ ಕೆಡದು.

ಹಚ್ಚಿದ ಮೇಲೆ ಆರೆಂಟು ಗಂಟೆ ಇಟ್ಟು, ನೀರು ತಾಗಿಸದೆ ಕೆರೆದು ತೆಗೆಯಬೇಕು. ಆಗ ಕಾಣುವ ಕಿತ್ತಳೆ, ಚರ್ಮದ ಮೇಲ್ಪದರದ ಸತ್ತ ಕೋಶಗಳಲ್ಲಿರುವ ಕೆರಾಟಿನ್‌ಗೆ ಆಗತಾನೇ ಅಂಟಿದ ಲಾಸೋನ್. ಅಂಟಿದ ಮೇಲೆ ಅದು ಆಮ್ಲಜನಕದಿಂದ ನಿಧಾನವಾಗಿ ಮಾಗುತ್ತದೆ. ಮರುದಿನ ಇಟ್ಟಿಗೆಯ ಬಣ್ಣ, ಸುಮಾರು 48 ಗಂಟೆಗೆ ಕೆಂಗಂದು. ಮೊದಲ ಅರ್ಧ ದಿನವಾದರೂ ನೀರು, ಸೋಪು ತಾಗಿಸದಿರುವುದು ಒಳ್ಳೆಯದು.

ಒಂದೇ ಕೋನ್‌ನ ಮೆಹೆಂದಿ ಅಂಗೈಯಲ್ಲಿ ಕಡುಗಂದಾಗಿ, ತೋಳಿನಲ್ಲಿ ಕಿತ್ತಳೆಗೆಂಪಾಗಿ ನಿಲ್ಲುವುದು ದೋಷವಲ್ಲ: ಅಂಗೈಯ ಸತ್ತ ಪದರ ದಪ್ಪ, ಅಲ್ಲಿ ಬಣ್ಣ ಹೆಚ್ಚು ಹಿಡಿಯುತ್ತದೆ. ಆದರೆ ಒಂದೆರಡು ಗಂಟೆಯಲ್ಲೇ ಇದ್ದಿಲಿನಂತೆ ಕಪ್ಪಾದರೆ ಅದು ಎಲೆಯ ಬಣ್ಣವಲ್ಲ. 'ಕಪ್ಪು ಮೆಹೆಂದಿ'ಗೆ ಬೆರೆಸುವ ಪಿಪಿಡಿ ಎಂಬ ಕೂದಲ ಬಣ್ಣದ ರಾಸಾಯನಿಕ ಚರ್ಮದಲ್ಲಿ ಗುಳ್ಳೆ ಏಳಿಸಬಹುದು. ಅಂಥದ್ದನ್ನು ತಕ್ಷಣ ತೊಳೆದುಬಿಡಿ.

ಮೂರನೇ ದಿನವೂ ಅಂಗೈಯಲ್ಲಿ ಕಿತ್ತಳೆಯೇ ಉಳಿದರೆ ಮೇಲೆ ಏನು ಸವರಿದರೂ ಪ್ರಯೋಜನವಿಲ್ಲ. ಹಿಡಿದಿರುವ ಬಣ್ಣವೇ ಕಡಿಮೆ. ಪುಡಿ ಹಳೆಯದಿರಬೇಕು, ಇಲ್ಲವೇ ಮೆಹೆಂದಿ ನೆನೆದಿಲ್ಲ, ಅಥವಾ ಬೇಗ ಕಿತ್ತಿದ್ದೀರಿ. ಮೊದಲೆರಡು ಕಾರಣಗಳನ್ನು ಆ ಐದು ನಿಮಿಷದ ಚುಕ್ಕಿಯೇ ಮುಂಚಿತವಾಗಿ ತೋರಿಸಿಬಿಡುತ್ತದೆ.