ಅರ್ಧ ಎಕರೆ ಹಿಪ್ಪುನೇರಳೆ: ಲೆಕ್ಕ ಕೊನೆಯ ವಾರದಿಂದ ಹಾಕಿ

ಬೋರ್‌ವೆಲ್‌ನಲ್ಲಿ ಬೇಸಿಗೆಗೂ ನೀರು ನಿಲ್ಲುತ್ತದೆ ಎನ್ನುವವರು ಅರ್ಧ ಎಕರೆಯಲ್ಲಿ ರೇಷ್ಮೆ ಶುರು ಮಾಡಬಹುದು. ಆದರೆ ಮೊದಲು ಒಂದು ವಿಷಯ ತಿಳಿದಿರಲಿ. ಹುಳು ತನ್ನ ಜೀವನದಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇ 80ಕ್ಕಿಂತ ಜಾಸ್ತಿ ಪಾಲು ಐದನೇ ಹಂತದ, ಅಂದರೆ ಕೊನೆಯ ಏಳು ದಿನಗಳದ್ದು. ಆ ವಾರಕ್ಕೆ ಸೊಪ್ಪು ಸಾಲದಿದ್ದರೆ ಅಲ್ಲಿಯವರೆಗೆ ಪಟ್ಟ ಕಷ್ಟ ಹಾಳು.

ತೋಟಕ್ಕೆ ವಿ-1 ತಳಿಯ ಮೂರ್ನಾಲ್ಕು ತಿಂಗಳ ಸಸಿ ತನ್ನಿ. ಜೋಡಿ ಸಾಲಿನಲ್ಲಿ ನೆಡಿ: ಸಾಲುಗಳ ನಡುವೆ ಒಮ್ಮೆ 3 ಅಡಿ, ಒಮ್ಮೆ 5 ಅಡಿ, ಗಿಡದಿಂದ ಗಿಡಕ್ಕೆ 2 ಅಡಿ. ಅರ್ಧ ಎಕರೆಗೆ ಸುಮಾರು 2,700 ಸಸಿ ಬೇಕು. 5 ಅಡಿ ಜಾಗ ಇದ್ದರೆ ಪವರ್ ಟಿಲ್ಲರ್ ಆರಾಮಾಗಿ ಓಡಾಡುತ್ತದೆ. ನೆಟ್ಟ ಐದಾರು ತಿಂಗಳಿಗೆ ಮೊದಲ ಬೆಳೆ ಬರುತ್ತದೆ. ಪೂರ್ತಿ ಸೊಪ್ಪು ಸಿಗುವುದು ಎರಡನೇ ವರ್ಷದಿಂದ. ಆಮೇಲೆ ಚೆನ್ನಾಗಿ ನೋಡಿಕೊಂಡರೆ ಕೊಯ್ಲಿಗೆ ಎರಡೂವರೆ ಟನ್ ಹತ್ತಿರ ಸೊಪ್ಪು ಬರುತ್ತದೆ. ಅಷ್ಟು ಸೊಪ್ಪು 100 ಮೊಟ್ಟೆ ಹುಳುವಿಗೆ ಸಾಕು. ಇಲ್ಲಿ ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟ 400–500 ತತ್ತಿಗಳ ಗುಂಪು. ಆಸೆಗೆ 150 ತಂದರೆ ಕೊನೆಯ ವಾರ ಊರೆಲ್ಲಾ ಸೊಪ್ಪು ಹುಡುಕಬೇಕಾಗುತ್ತದೆ.

ಈಗ ದಿನಾಂಕದ ಲೆಕ್ಕ ನೋಡೋಣ. ಜೂನ್ 1ಕ್ಕೆ ಗಿಡ ಬುಡಕ್ಕೆ ಕತ್ತರಿಸಿ ಗೊಬ್ಬರ, ನೀರು ಕೊಟ್ಟಿರಿ ಎಂದುಕೊಳ್ಳಿ. ಐದನೇ ಹಂತದ ಹುಳುವಿಗೆ 55–60 ದಿನದ ರೆಂಬೆ ಬೇಕು, ಅಂದರೆ ಜುಲೈ ಕೊನೆಯ ವಾರದ್ದು. ಚಾಕಿ ಎಂದರೆ ಕೇಂದ್ರದಲ್ಲಿ ಸಾಕಿ ಕೊಡುವ ಎಳೆ ಹುಳು, ಜ್ವರ ಎಂದರೆ ಹುಳು ಚರ್ಮ ಬಿಡುವ ಹೊತ್ತು. ಹಾಗಾಗಿ ಎರಡನೇ ಜ್ವರ ಎದ್ದ ಚಾಕಿ ಹುಳುವನ್ನು ಜುಲೈ 16ರ ಸುಮಾರಿಗೆ ಮನೆಗೆ ತರಬೇಕು. ಮೂರು, ನಾಲ್ಕನೇ ಹಂತ ಒಂಬತ್ತು ದಿನದಲ್ಲಿ ಮುಗಿದು, ಜುಲೈ 25ರಿಂದ ದೊಡ್ಡ ಹಸಿವು ಶುರುವಾಗುತ್ತದೆ. ಚಾಕಿ ಕೇಂದ್ರಕ್ಕೆ ಜೂನ್‌ನಲ್ಲೇ ಹೇಳಿಡಿ. ಆ ಏಳು ದಿನ ಇಬ್ಬರು ಬೇರೆ ಕೆಲಸ ಇಟ್ಟುಕೊಳ್ಳುವಂತಿಲ್ಲ. ಭತ್ತದ ನಾಟಿ ಅದೇ ವಾರಕ್ಕೆ ಬೀಳುತ್ತದಾ? ಹಾಗಿದ್ದರೆ ಗಿಡ ಕತ್ತರಿಸುವ ದಿನವನ್ನೇ ಮುಂದೂಡಿ.

ಹುಳು ಮನೆ ವಾಸದ ಮನೆಯಿಂದ ಬೇರೆ ಇರಲಿ. ಕೊನೆಯ ಹಂತದಲ್ಲಿ 100 ಮೊಟ್ಟೆಗೆ 600–700 ಚದರ ಅಡಿ ಹಾಸು ಬೇಕು. ಸ್ಟ್ಯಾಂಡ್ 5 ಅಡಿ ಅಗಲ, 35 ಅಡಿ ಉದ್ದ, ನಾಲ್ಕು ಅಂತಸ್ತು ಇದ್ದರೆ ಸರಿಹೋಗುತ್ತದೆ. ಹುಳು ಬರುವ ಮೊದಲೇ ಮನೆ, ಹುಳು ಗೂಡು ಕಟ್ಟುವ ಚಂದ್ರಿಕೆ ಎಲ್ಲವನ್ನೂ ತೊಳೆದು ಬ್ಲೀಚಿಂಗ್ ಪೌಡರ್ ಮತ್ತು ಸುಣ್ಣದ ದ್ರಾವಣ ಹೊಡೆಯಿರಿ. ಕಿಟಕಿ, ಬಾಗಿಲಿಗೆ ಊಜಿ ನೊಣ ನುಗ್ಗದಂಥ ಸಣ್ಣ ಕಣ್ಣಿನ ಬಲೆ ಕಟ್ಟಿ.

ಹೊಸಬರು ಸೋಲುವುದು ಹೆಚ್ಚಾಗಿ ಜ್ವರದ ಹೊತ್ತಿನಲ್ಲಿ. ಹುಳು ಚರ್ಮ ಬಿಡುವ ಮುಂಚೆ ತಿನ್ನುವುದು ನಿಲ್ಲಿಸಿ, ತಲೆ ಎತ್ತಿ ಅಲುಗಾಡದೆ ಕೂರುತ್ತದೆ. ಮೈ ಬಿಗಿದು ಹೊಳೆಯುತ್ತದೆ. ಹತ್ತಕ್ಕೆ ಒಂಬತ್ತು ಹುಳು ಹೀಗೆ ಕೂತ ಮೇಲೆ ಸೊಪ್ಪು ಕೊಡಬೇಡಿ. ಸುಣ್ಣದ ಪುಡಿ ತೆಳ್ಳಗೆ ಉದುರಿಸಿ, ಹಾಸಿಗೆ ಒಣಗಲಿ. ಎದ್ದ ಹುಳುವಿನ ತಲೆ ದೊಡ್ಡದಾಗಿ, ಮೈ ಮಂಕಾಗಿ ಸುಕ್ಕುಗಟ್ಟಿದಂತೆ ಕಾಣುತ್ತದೆ. ಮೊದಲು ಎದ್ದವು ಹಸಿದು ತಿರುಗಾಡುತ್ತಿದ್ದರೂ ಕಾಯಿರಿ. ಬಹುತೇಕ ಎಲ್ಲವೂ ಎದ್ದ ಮೇಲೆ ಸೋಂಕುನಾಶಕ ಪುಡಿ ಉದುರಿಸಿ, ಅರ್ಧ ಗಂಟೆ ಬಿಟ್ಟು ಸೊಪ್ಪು ಹಾಕಿ. ಅವಸರ ಮಾಡಿ ಮೊದಲೇ ಹಾಕಿದರೆ ಹುಳು ಸಣ್ಣ-ದೊಡ್ಡದಾಗಿ, ಗೂಡು ಕಟ್ಟಲು ಹಣ್ಣಾಗುವುದೂ ಮೂರ್ನಾಲ್ಕು ದಿನ ಎಳೆಯುತ್ತದೆ.

ದಿನಾ ಬೆಳಿಗ್ಗೆ ಹಾಸಿಗೆಯ ಅಂಚು ನೋಡಿ. ಗೆಣ್ಣು ಊದಿ ಅಲೆದಾಡುವ ಹುಳುವನ್ನು ಮುಟ್ಟಿದಾಗ ಬಿಳಿ ರಸ ಒಡೆದರೆ ಅದು ಹಾಲುತೊಂಡೆ ರೋಗ. ಕೈಗೆ ಕಡ್ಡಿ ತೆಗೆದುಕೊಂಡು ಆರಿಸಿ, ಸುಣ್ಣ ಬ್ಲೀಚಿಂಗ್ ನೀರಿಗೆ ಹಾಕಿ. ಕೋಳಿಗೆ ಎಸೆದರೆ ರೋಗ ಅಂಗಳಕ್ಕೆಲ್ಲ ಹರಡುತ್ತದೆ. ಹುಳುಗಳು ಒಟ್ಟಿಗೇ ಹಸಿರು ದ್ರವ ಕಕ್ಕಿ, ಹೊರಳಾಡಿ ಸತ್ತರೆ ಕೀಟನಾಶಕದ ಅನುಮಾನ ಪಡಿ. ಪಕ್ಕದ ಹೊಲದ ಟೊಮೆಟೊಗೆ ಹೊಡೆದ ಔಷಧಿ ಗಾಳಿಯಲ್ಲಿ ನಿಮ್ಮ ಸೊಪ್ಪಿನ ಮೇಲೆ ಕೂತಿರುತ್ತದೆ. ಆದ್ದರಿಂದ ಪಕ್ಕದವರ ಜೊತೆ ಮೊದಲೇ ಮಾತಾಡಿಕೊಳ್ಳಿ. ಅವರು ನಿಲ್ಲಿಸುವ ಹಾಗಿಲ್ಲದಿದ್ದರೆ ಆ ಜಾಗದಲ್ಲಿ ರೇಷ್ಮೆ ಬೇಡ.

ಹಣ್ಣಾದ ಹುಳು ತಿನ್ನುವುದು ಬಿಟ್ಟು, ಮೈ ಹಳದಿಯಾಗಿ ಬೆಳಕಿಗೆ ಪಾರದರ್ಶಕವಾಗಿ ಕಾಣುತ್ತದೆ. 6×4 ಅಡಿ ಚಂದ್ರಿಕೆಗೆ ಸಾವಿರಕ್ಕಿಂತ ಜಾಸ್ತಿ ಬಿಡಬೇಡಿ. ಒತ್ತಾಗಿ ಬಿಟ್ಟರೆ ಎರಡು ಹುಳು ಸೇರಿ ಒಂದೇ ಗೂಡು ಕಟ್ಟುತ್ತವೆ, ಅದರ ನೂಲು ಸರಿಯಾಗಿ ಬಿಚ್ಚುವುದಿಲ್ಲ. ಆ ದಿನಗಳಲ್ಲಿ ಗಾಳಿ ಚೆನ್ನಾಗಿ ಆಡಬೇಕು, ತೇವ ನಿಂತರೆ ಗೂಡಿನ ಬೆಲೆ ಬೀಳುತ್ತದೆ. ಬಿಳಿ ಗೂಡು ಕಟ್ಟುವ ದ್ವಿತಳಿ ಹುಳುವಾದರೆ ಆರೇಳನೇ ದಿನ ಒಂದು ಗೂಡು ಕತ್ತರಿಸಿ ನೋಡಿ. ಒಳಗಿನ ಕೋಶ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿದ್ದರೆ ಬಿಡಿಸಬಹುದು.

ದ್ವಿತಳಿ 100 ಮೊಟ್ಟೆಗೆ 60–70 ಕೆ.ಜಿ. ಗೂಡು ಬಂದರೆ ಒಳ್ಳೆಯ ಬೆಳೆ. ಲೆಕ್ಕಕ್ಕೆ ಕೆ.ಜಿ.ಗೆ 500 ರೂಪಾಯಿ ಎಂದಿಟ್ಟುಕೊಂಡರೆ, 65 ಕೆ.ಜಿ.ಗೆ 32,500 ರೂಪಾಯಿ. ಇದರಲ್ಲಿ ಚಾಕಿ, ಗೊಬ್ಬರ, ಸೋಂಕುನಾಶಕ, ಕೂಲಿ ಕಳೆಯಬೇಕು. ರೆಂಬೆ ಕೊಯ್ಯುವುದೇ ಮುಂದಿನ ಬೆಳೆಗೆ ಕತ್ತರಿಸಿದಂತಾಗುವುದರಿಂದ ವರ್ಷಕ್ಕೆ ಐದು ಬೆಳೆ ಸಾಧ್ಯ. ರಾಮನಗರ, ಶಿಡ್ಲಘಟ್ಟ ಮಾರುಕಟ್ಟೆಯ ದರ ದಿನಕ್ಕೊಂದು ಥರ ಇರುತ್ತದೆ. ಆದರೆ ತೆಳು ಗೂಡು, ಜೋಡಿ ಗೂಡು, ಕಲೆ ಬಿದ್ದದ್ದನ್ನು ಮನೆಯಲ್ಲೇ ಆರಿಸಿಟ್ಟರೆ ಉಳಿದ ಲಾಟ್‌ಗೆ ಒಳ್ಳೆ ಬಿಡ್ ಬರುತ್ತದೆ. ಗೂಡನ್ನು ಗಾಳಿಯಾಡುವ ಚೀಲದಲ್ಲಿ ಸಡಿಲವಾಗಿ ತುಂಬಿ, ರಾತ್ರಿ ಅಥವಾ ಬೆಳಗಿನ ತಂಪಿನಲ್ಲಿ ಸಾಗಿಸಿ.