ಸವಳು ಬಾವಿ, ಬದುವಿನ ಕಲ್ಲು

ಎರಡು ವರ್ಷದ ಹಿಂದಿನ ಜೋಳದ ಸುಗ್ಗಿಯಲ್ಲಿ ನಾನು ಒಂದೇ ಹೊಲದಲ್ಲಿ ಎರಡು ಸಲ ತಯಮ್ಮುಮ್, ಅಂದರೆ ನೀರಿಲ್ಲದಾಗ ನಮಾಜಿಗೆಂದು ಮಣ್ಣಿನಿಂದ ಮಾಡಿಕೊಳ್ಳುವ ಶುದ್ಧಿ, ಮಾಡಿದೆ. ಮೊದಲನೆಯದು ತಪ್ಪಾಯಿತು, ಆ ನಮಾಜನ್ನು ಮತ್ತೆ ಮಾಡಬೇಕಾಯಿತು. ಎರಡನೆಯದು ಸರಿಯಾಯಿತು. ಕೈ ಆಡಿಸಿದ ರೀತಿ ಎರಡರಲ್ಲೂ ಒಂದೇ ಆಗಿತ್ತು. ನೀರಿಲ್ಲ ಎಂದು ತೀರ್ಮಾನಿಸಿದ್ದರಲ್ಲಿ ಮಾತ್ರ ವ್ಯತ್ಯಾಸವಿತ್ತು.

ನಮ್ಮ ಹೊಲ ಡೋಣಿ ನದಿಯ ಬಯಲಿನಲ್ಲಿದೆ, ಊರಿನಿಂದ ಮೂರು ಕಿಲೋಮೀಟರು ದೂರ. ಅದು ಎರೆ ಭೂಮಿ, ಜೋಳಕ್ಕೆ ಬಂಗಾರದಂಥದ್ದು, ಆದರೆ ಈ ಕಡೆಯ ಬಾವಿಗಳೆಲ್ಲ ಸವಳು. ಸುಗ್ಗಿಯಲ್ಲಿ ಬೆಳಗ್ಗೆ ಚಕ್ಕಡಿಯಲ್ಲಿ ಹೋದರೆ ಹೊತ್ತು ಮುಳುಗುವ ಮುಂಚೆ ಮನೆಗೆ ಬರುತ್ತೇವೆ. ಹಾಗಾಗಿ ಮಧ್ಯಾಹ್ನದ ಜೊಹರ್ ಮತ್ತು ಸಂಜೆಯ ಮುಂಚಿನ ಅಸರ್ ಎರಡೂ ನಮಾಜು ಹೊಲದಲ್ಲೇ ಆಗಬೇಕು. ಕುಡಿಯಲು ಇಪ್ಪತ್ತು ಲೀಟರಿನ ಒಂದು ಕ್ಯಾನು ಒಯ್ಯುತ್ತೇವೆ. ಜೋಳ ಕೀಳುವ ಆಳುಗಳು ಐದು ಜನ, ನಾನೊಬ್ಬ.

ಮೊದಲ ದಿನ ಒಂದು ಗಂಟೆಗೆ ಬುತ್ತಿ ಬಿಚ್ಚಿದಾಗ ಕ್ಯಾನು ಅರ್ಧವಾಗಿತ್ತು. ಅದರಲ್ಲಿ ವಜೂ, ಅಂದರೆ ನಮಾಜಿನ ಮುಂಚೆ ನೀರಿನಿಂದ ಮುಖ ಕೈಕಾಲು ತೊಳೆಯುವುದು, ಮಾಡಿದರೆ ಆಳುಗಳಿಗೆ ಸಂಜೆವರೆಗೆ ಸಾಲುವುದಿಲ್ಲ ಎಂದುಕೊಂಡು ತಯಮ್ಮುಮ್ ಮಾಡಿ ಜೊಹರ್ ಮುಗಿಸಿದೆ. ಸಂಜೆ ಮಸೀದಿಯಲ್ಲಿ ಪೇಶ್ ಇಮಾಮರಿಗೆ ಇದನ್ನು ಹೇಳಿದೆ. ಅವರು ಮೊದಲು ಕೇಳಿದ್ದು ಮಣ್ಣಿನ ಬಗ್ಗೆ ಅಲ್ಲವೇ ಅಲ್ಲ. "ಹೊಲದ ಸುತ್ತ ಬಾವಿ ಎಲ್ಲಿದೆ?" ಎಂದರು. ಅರ್ಧ ಕಿಲೋಮೀಟರಿನಲ್ಲಿ, ಹಳ್ಳದ ದಂಡೆಯಲ್ಲಿ, ಪಕ್ಕದ ಹೊಲದ ಕಾಕಾ ಅವರ ಬಾವಿ ಇದೆ, ಆದರೆ ಸವಳು, ಬಾಯಿಗಿಡಲು ಬರುವುದಿಲ್ಲ ಎಂದೆ. "ಕುಡಿಯಲು ಬರುವುದಿಲ್ಲ ಅಂದಿರಿ. ಮೈಗೆ ತಾಗಿದರೆ ಏನಾದರೂ ಆಗುತ್ತದೆಯೇ? ಬಾವಿಯವರು ಬೇಡವೆನ್ನುತ್ತಾರೆಯೇ?" ಎಂದು ಕೇಳಿದರು. ಎರಡಕ್ಕೂ ಇಲ್ಲ ಎಂದೆ. "ಹಾಗಾದರೆ ನಿಮ್ಮ ಬಳಿ ನೀರಿತ್ತು. ಜೊಹರ್ ಕಜಾ ಮಾಡಿಕೊಳ್ಳಿ" ಎಂದರು.

ಸಮುದ್ರದ ನೀರಿನಿಂದ ವಜೂ ಆಗುತ್ತದೆ ಎಂದು ಪ್ರವಾದಿಯವರೇ ಹೇಳಿದ ಹದೀಸ್ ಇದೆ. ನೆಲದ ಗುಣದಿಂದ ನೀರಿನ ರುಚಿ ಕೆಟ್ಟಿದ್ದರೆ ಅದು ನೀರಾಗಿಯೇ ಉಳಿಯುತ್ತದೆ. ನಾನು ಬಾವಿಯನ್ನು ನಾಲಿಗೆಯಿಂದ ಅಳೆದು ಲೆಕ್ಕದಿಂದ ಬಿಟ್ಟಿದ್ದೆ. ನಮ್ಮ ಭಾಗದಲ್ಲಿ ಈ ತಪ್ಪನ್ನು ಬಹಳ ಜನ ಮಾಡುತ್ತಾರೆ ಎಂದು ನನಗೆ ಈಗ ಅನಿಸುತ್ತದೆ, ಅದಕ್ಕೇ ಮೊದಲು ಬರೆದೆ.

ನಾವು ಹನಫಿ ಪದ್ಧತಿಯವರು. ನಮ್ಮಲ್ಲಿ ತಯಮ್ಮುಮ್‌ಗೆ ಲೆಕ್ಕ ಹೀಗಿದೆ: ನೀರು ಒಂದು ಮೈಲಿಯಾಚೆ ಇರಬೇಕು, ಆ ಮೈಲಿ ಎರಡು ಕಿಲೋಮೀಟರಿಗೆ ತುಸು ಕಡಿಮೆ, ಇಲ್ಲವೇ ಇದ್ದ ನೀರು ಕುಡಿಯಲು ಬೇಕಾಗಿರಬೇಕು, ಇಲ್ಲವೇ ನೀರು ತಾಗಿದರೆ ರೋಗ ಹೆಚ್ಚುವಂತಿರಬೇಕು. ಜೊತೆಯವರ ಬಳಿ ನೀರಿದ್ದರೆ ಕೇಳಬೇಕು. ಸಾಮಾನ್ಯ ಬೆಲೆಗೆ ಮಾರಾಟಕ್ಕಿದ್ದು ಕೈಯಲ್ಲಿ ಹಣವಿದ್ದರೆ ಕೊಳ್ಳಬೇಕು. ಬೈಕ್ ತಂದ ದಿನ ನಾನು ಊರಿಗೇ ಹೋಗಿ ವಜೂ ಮಾಡಿ ಬರುತ್ತೇನೆ.

ಮರುದಿನದಿಂದ ಕಾಕಾ ಅವರ ಬಾವಿಗೆ ಹೋಗತೊಡಗಿದೆ. ಒಂದು ಬಕೆಟ್ ಸೇದಿ, ಅದರಿಂದ ಒಂದು ತಂಬಿಗೆ ಮಾತ್ರ ತೆಗೆದುಕೊಳ್ಳುತ್ತಿದ್ದೆ. ಪ್ರವಾದಿಯವರು ಒಂದು ಮುದ್ದ್ ನೀರಿನಲ್ಲಿ ವಜೂ ಮಾಡುತ್ತಿದ್ದರು, ಅಂದರೆ ಎರಡು ಅಂಗೈ ಜೋಡಿಸಿ ತುಂಬುವಷ್ಟು. ನಲ್ಲಿಯ ಕೆಳಗೆ ಕೈ ಹಿಡಿದು ರೂಢಿಯಾದವರಿಗೆ ಇದು ನಂಬಲಾಗದು, ಆದರೆ ತಂಬಿಗೆಯಿಂದ ಬಲಗೈಗೆ ಸುರಿದುಕೊಂಡು, ಎಡಗೈಯಿಂದ ಉಜ್ಜಿ ಹರಡುತ್ತ ಹೋದರೆ ಮುಖ, ಮೊಣಕೈವರೆಗಿನ ಕೈ, ಒದ್ದೆ ಕೈಯಿಂದ ತಲೆ ಸವರುವ ಮಸಹ್, ಹರಡಿನವರೆಗಿನ ಕಾಲು ಎಲ್ಲವೂ ಆಗಿ ಇನ್ನೂ ತಳದಲ್ಲಿ ನೀರು ಉಳಿಯುತ್ತದೆ. ಬಾಯಿ ಮುಕ್ಕಳಿಸಿದಾಗ ಮಾತ್ರ ಉಪ್ಪು ನಾಲಿಗೆಗೆ ಹತ್ತುತ್ತಿತ್ತು, ಒಣಗಿದ ಮೇಲೆ ಮೊಣಕೈ ಮೇಲೆ ಬಿಳಿಯ ಗೆರೆ ನಿಲ್ಲುತ್ತಿತ್ತು.

ಐದನೆಯ ದಿನ ಬಕೆಟ್ ಇಳಿಸಿದಾಗ ಬಾವಿಯಿಂದ ವಾಸನೆ ಬಂತು. ಬಗ್ಗಿ ನೋಡಿದರೆ ಹೆಗ್ಗಣವೊಂದು ಬಿದ್ದು ಸತ್ತು ಉಬ್ಬಿ ತೇಲುತ್ತಿತ್ತು. ಉಬ್ಬಿದ ಮೇಲೆ ಅದನ್ನು ತೆಗೆದು ಹತ್ತಿಪ್ಪತ್ತು ಬಕೆಟ್ ಚೆಲ್ಲಿದರೆ ಸಾಲದು, ಬಾವಿಯ ನೀರನ್ನೆಲ್ಲ ಎತ್ತಬೇಕು. ಆ ದಿನ ಅದು ಆಗುವ ಮಾತಾಗಿರಲಿಲ್ಲ. ಇನ್ನುಳಿದ ನೀರೆಂದರೆ ಮೂರು ಕಿಲೋಮೀಟರು ದೂರದ ಊರಿನದು, ಮತ್ತು ಕ್ಯಾನಿನಲ್ಲಿ ಉಳಿದಿದ್ದ ಐದು ಲೀಟರಿನಷ್ಟು. ಬೈಕನ್ನು ತಮ್ಮ ಗಿರಣಿಗೆ ಒಯ್ದಿದ್ದ.

ಆದರೂ ನಾನು ಆ ಗಳಿಗೆಯಲ್ಲೇ ಮಣ್ಣಿಗೆ ಕೈ ಹಾಕಲಿಲ್ಲ. ಜೋಳದ ದಂಟು ಹೇರಲು ಊರಿನಿಂದ ಟ್ರ್ಯಾಕ್ಟರ್ ಬರುವ ಸಂಭವವಿತ್ತು, ಬಂದರೆ ಅದರಲ್ಲಿ ನೀರು ಇರುತ್ತದೆ. ಫೋನ್ ಮಾಡಿದರೆ, "ಬಂದರೆ ಬಂದೆ, ಹೇಳಲಾಗದು" ಎಂದ ಟ್ರ್ಯಾಕ್ಟರಿನವನು. ಹೀಗೆ ಆಸೆ ಇದ್ದಾಗ ನಮಾಜಿನ ವೇಳೆ ತೀರುವ ಮುಂಚಿನವರೆಗೆ ಕಾಯುವುದು ಒಳ್ಳೆಯದು. ಅವನು ತರುತ್ತೇನೆಂದು ಮಾತು ಕೊಟ್ಟಿದ್ದರೆ ಕಾಯುವುದು ಕಡ್ಡಾಯವೇ ಆಗುತ್ತಿತ್ತು. ನಾಲ್ಕು ಗಂಟೆಯವರೆಗೆ ನೋಡೋಣ ಎಂದುಕೊಂಡೆ.

ಅಷ್ಟರಲ್ಲಿ ಕಾಕಾ ಬಂದರು. ಅವರು ಲಿಂಗಾಯತರು, ವಯಸ್ಸು ಎಪ್ಪತ್ತು ದಾಟಿದೆ, ಲಿಂಗಪೂಜೆ ಆಗದೆ ರೊಟ್ಟಿ ಮುಟ್ಟುವುದಿಲ್ಲ. ಅಂದು ಬೆಳಗಿನಿಂದ ಹೊಲದಲ್ಲಿದ್ದುದರಿಂದ ಸ್ನಾನವೂ ಆಗಿರಲಿಲ್ಲ, ಪೂಜೆಯೂ ಉಳಿದಿತ್ತು. ಬಾವಿಯ ಸುದ್ದಿ ಕೇಳಿ ಅವರು ಸುಮ್ಮನೆ ಬನ್ನಿ ಮರದ ನೆರಳಿನಲ್ಲಿ ಕುಳಿತು ಅಂಗಿ ಬಿಚ್ಚಿದರು. ಚೀಲದಿಂದ ವಿಭೂತಿ ಗಟ್ಟಿ ತೆಗೆದು ಒಂದು ಮೂಲೆಯನ್ನು ಉಗುರಿನಿಂದ ಕೆರೆದು ಅಂಗೈಯಲ್ಲಿ ಪುಡಿ ಮಾಡಿದರು. ಮನೆಯಲ್ಲಾದರೆ ಅದಕ್ಕೆ ನೀರು ಬೆರೆಸಿ ನಡುವಿನ ಮೂರು ಬೆರಳಿನಿಂದ ಹಣೆಗೆ ಮೂರೆಳೆ ಎಳೆಯುತ್ತಾರೆ. ಇಲ್ಲಿ ಒಣ ಭಸ್ಮವನ್ನೇ ಹಣೆ, ಕೊರಳು, ಎದೆ, ತೋಳು, ಹೊಟ್ಟೆ ಎಂದು ಮೇಲಿನಿಂದ ಕೆಳಗೆ ಹಚ್ಚುತ್ತ ಬಂದರು. ತುಟಿ ಅಲ್ಲಾಡುತ್ತಿತ್ತು. ಆಮೇಲೆ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು, ಒಣ ಬಟ್ಟೆಯಿಂದ ಒರೆಸಿ, ಅದಕ್ಕೂ ಭಸ್ಮ ಧರಿಸಿ ಕಣ್ಣು ನೆಟ್ಟು ಕುಳಿತರು.

ಮುಗಿದ ಮೇಲೆ ಹೇಳಿದರು: "ನೀರಿನ ಸ್ನಾನಕ್ಕೆ ವಾರುಣ ಅನ್ನುತ್ತಾರೆ, ಇದಕ್ಕೆ ಆಗ್ನೇಯ. ಬೆಂಕಿಯಲ್ಲಿ ಬೆಂದು ಬಂದದ್ದು, ಇನ್ನು ಇದಕ್ಕೆ ಮೈಲಿಗೆ ಎಲ್ಲಿಯದು?" ಗಟ್ಟಿಯನ್ನು ನನ್ನತ್ತ ಚಾಚಿ, "ನಿನಗೂ ಮಣ್ಣೇ ಬೇಕಲ್ಲ ತಮ್ಮಾ, ಇದೂ ಒಂದು ಮಣ್ಣೇ, ತಗೋ" ಎಂದರು.

ಅವರ ಪ್ರೀತಿ ದೊಡ್ಡದು, ಆದರೆ ನಾನು ತೆಗೆದುಕೊಳ್ಳುವಂತಿರಲಿಲ್ಲ. "ಕಾಕಾ, ನಮ್ಮಲ್ಲಿ ಬೂದಿ ನಡೆಯುವುದಿಲ್ಲ. ಸುಟ್ಟರೆ ಬೂದಿಯಾಗುವಂಥದ್ದು, ಕಾಸಿದರೆ ಕರಗುವಂಥದ್ದು ನೆಲದ ಜಾತಿಯಲ್ಲ ಎಂದು ಲೆಕ್ಕ. ಮಣ್ಣು, ಮರಳು, ಕಲ್ಲು, ಸುಣ್ಣ, ಇಟ್ಟಿಗೆ ಆಗುತ್ತವೆ. ಕಟ್ಟಿಗೆ, ಕಬ್ಬಿಣ, ಬೂದಿ ಆಗುವುದಿಲ್ಲ" ಎಂದೆ. ಅವರಿಗೆ ಬೆಂಕಿ ಹಾಯ್ದಿದ್ದೇ ಶುದ್ಧಿ, ನಮಗೆ ಉರಿದು ಬೂದಿಯಾಗದೆ ಉಳಿಯುವುದೇ ಲಕ್ಷಣ. ಇನ್ನೊಂದು ಭೇದವೂ ಅಂದು ನನಗೆ ಹೊಳೆಯಿತು. ನೀರಿನ ಸ್ನಾನ ಮಾಡಿದ ದಿನವೂ ಕಾಕಾ ವಿಭೂತಿ ಧರಿಸುತ್ತಾರೆ, ಅದು ನೀರಿನ ಬದಿಯಲ್ಲೇ ನಿಲ್ಲುವ ವಸ್ತು. ನನ್ನ ಮಣ್ಣು ನೀರಿನ ಬದಲಿಗೆ ಬಂದದ್ದು, ನೀರು ಬಂದೊಡನೆ ಅದರ ಕೆಲಸ ಮುಗಿಯಿತು.

ನಾಲ್ಕಾಯಿತು, ಟ್ರ್ಯಾಕ್ಟರ್ ಬರಲಿಲ್ಲ. ಮಣ್ಣು ಆರಿಸುವುದರಲ್ಲಿ ಒಂದು ಎಚ್ಚರಿಕೆ ಬೇಕಿತ್ತು. ಹಿಂದಿನ ಬೇಸಿಗೆಯಲ್ಲಿ ಗೊಬ್ಬರಕ್ಕೆಂದು ಆ ಹೊಲದಲ್ಲಿ ಕುರಿ ನಿಲ್ಲಿಸಿದ್ದೆವು. ಹೊಲಸಾದ ನೆಲ ಬಿಸಿಲಿಗೆ ಒಣಗಿ ಗುರುತು ಹೋದರೆ ಅದರ ಮೇಲೆ ನಮಾಜು ಮಾಡಬಹುದು, ಆದರೆ ಆ ಮಣ್ಣಿನಿಂದ ತಯಮ್ಮುಮ್ ಮಾಡಬಾರದು. ಇದನ್ನು ತಿಳಿದವರು ಕಡಿಮೆ. ಆದ್ದರಿಂದ ಹೊಲದ ಹೆಂಟೆ ಬಿಟ್ಟು ಬದುವಿನ ಮೇಲಿನ ಒಂದು ಅಗಲ ಕಲ್ಲನ್ನು ಆರಿಸಿದೆ. ಕಲ್ಲಿನ ಮೇಲೆ ಧೂಳು ಇರಲೇಬೇಕೆಂದು ಹನಫಿಗಳಲ್ಲಿ ಇಲ್ಲ. ಭಟ್ಕಳದ ಕಡೆಯ ಶಾಫಿ ಪದ್ಧತಿಯವರಿಗೆ ಕೈಗೆ ಹತ್ತುವ ಧೂಳಿನ ಮಣ್ಣೇ ಬೇಕು.

ಅಂಗಿಯ ತೋಳನ್ನು ಮೊಣಕೈ ಮೇಲಕ್ಕೆ ಮಡಚಿದೆ. ಉಂಗುರ ತೆಗೆದು ಜೇಬಿಗೆ ಹಾಕಿದೆ. ನಮಾಜಿಗಾಗಿ ಶುದ್ಧನಾಗುತ್ತೇನೆ ಎಂದು ನಿಯತ್ ಮಾಡಿಕೊಂಡೆ. ವಜೂವಿಗೆ ನಿಯತ್ ಇಲ್ಲದಿದ್ದರೂ ನಮ್ಮಲ್ಲಿ ಆದೀತು, ತಯಮ್ಮುಮ್‌ಗೆ ಆಗದು. ಬೆರಳು ಬಿಡಿಸಿ ಎರಡೂ ಅಂಗೈಯನ್ನು ಕಲ್ಲಿಗೆ ಬಡಿದು, ತುಸು ಮುಂದೆ ಹಿಂದೆ ಸರಿಸಿ, ಎತ್ತಿ ಕೊಡವಿ, ಇಡೀ ಮುಖದ ಮೇಲೆ ಒಮ್ಮೆ ಎಳೆದೆ: ಕೂದಲಿನ ಅಂಚಿನಿಂದ ಗದ್ದದ ಕೆಳಗಿನವರೆಗೆ, ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ. ಹುಬ್ಬಿನ ಕೆಳಗೆ, ಮೂಗಿನ ಪಕ್ಕದ ಸಂದಿನಲ್ಲಿ ಬೆರಳು ತಾಗದೆ ಉಳಿಯುತ್ತದೆ, ಅಲ್ಲಿ ಬೇಕೆಂದೇ ಆಡಿಸಿದೆ. ಮತ್ತೊಮ್ಮೆ ಕಲ್ಲಿಗೆ ಬಡಿದೆ. ಎಡಗೈ ಬೆರಳುಗಳನ್ನು ಬಲಗೈ ಬೆರಳ ತುದಿಯ ಹೊರಮೈಯಿಂದ ಮೊಣಕೈವರೆಗೆ ಒಯ್ದು, ಒಳಮೈಯ ಮೇಲೆ ಅಂಗೈಯಿಂದ ಹಿಂದಕ್ಕೆ ತಂದು, ಕೊನೆಗೆ ಹೆಬ್ಬೆರಳು ಸವರಿದೆ. ಹಾಗೆಯೇ ಎಡಗೈಗೆ. ಬೆರಳ ಸಂದುಗಳನ್ನು ಒಂದರೊಳಗೊಂದು ಹೆಣೆದೆ. ಅಷ್ಟೇ. ತಲೆಗೂ ಕಾಲಿಗೂ ಇಲ್ಲ.

ನೋಡುತ್ತಿದ್ದ ಕಾಕಾ, "ಸ್ನಾನವೇ ಆಗಬೇಕಿದ್ದ ದಿನ ನೀನೂ ನನ್ನ ಹಾಗೆ ಮೈಗೆಲ್ಲ ಹಚ್ಚಿಕೊಳ್ಳುತ್ತೀಯಾ?" ಎಂದರು. ಇಲ್ಲ, ಆಗಲೂ ಇಷ್ಟೇ ಎಂದೆ. ಪ್ರವಾದಿಯವರ ಜೊತೆಗಾರ ಅಮ್ಮಾರ್ ಬಿನ್ ಯಾಸಿರ್ ಒಮ್ಮೆ ಪ್ರಯಾಣದಲ್ಲಿ ಸ್ನಾನಕ್ಕೆ ನೀರು ಸಿಗದೆ ಪ್ರಾಣಿಗಳು ಹೊರಳಾಡುವಂತೆ ಮಣ್ಣಿನಲ್ಲಿ ಹೊರಳಾಡಿದ್ದರು. ಪ್ರವಾದಿಯವರು ಅದರ ಅಗತ್ಯವಿಲ್ಲವೆಂದು ಹೇಳಿ, ಕೈಯನ್ನು ನೆಲಕ್ಕೆ ಬಡಿದು ಮುಖ, ಕೈ ಸವರಿ ತೋರಿಸಿದರು. ಕಾಕಾ ಅಮ್ಮಾರರ ಕಥೆಯನ್ನು ಎರಡು ಸಲ ಹೇಳಿಸಿಕೊಂಡರು. "ಅವನಿಗೆ ಶುದ್ಧಿಯ ಹಂಬಲ ಎಷ್ಟಿತ್ತು ನೋಡು" ಎಂದರು.

ಜೊಹರ್ ಮುಗಿದು ಸಲಾಮ್ ಹೇಳಿದ ಸ್ವಲ್ಪ ಹೊತ್ತಿಗೆ ಟ್ರ್ಯಾಕ್ಟರಿನ ಸದ್ದು ಕೇಳಿತು, ಹಿಂದೆ ಎರಡು ಕ್ಯಾನು ನೀರಿತ್ತು. ಮುಗಿದ ಜೊಹರ್ ಮುಗಿದಂತೆಯೇ, ಅದನ್ನು ಮತ್ತೆ ಮಾಡಬೇಕಿಲ್ಲ. ನಮಾಜಿನ ನಡುವೆ ನೀರು ಕೈಗೆ ಸಿಗುವಂತೆ ಬಂದಿದ್ದರೆ ಬಿಟ್ಟು ವಜೂ ಮಾಡಬೇಕಾಗುತ್ತಿತ್ತು. ನೀರು ಬಾರದಿದ್ದರೆ ಅದೇ ತಯಮ್ಮುಮ್‌ನಲ್ಲಿ ಅಸರ್ ಕೂಡ ಆಗುತ್ತಿತ್ತು. ಈಗ ನೀರು ಕಂಡು ಅದು ಮುರಿದಿತ್ತು, ಅಸರ್‌ಗೆ ಒಂದು ತಂಬಿಗೆ ತೆಗೆದುಕೊಂಡೆ.

ಭಾನುವಾರ ಡೀಸೆಲ್ ಎಂಜಿನ್ ತಂದು ಬಾವಿಗೆ ಇಳಿಸಿದೆವು. ಮೊದಲು ಹೆಗ್ಗಣವನ್ನು ತೆಗೆದೆವು, ಅದು ಒಳಗಿರುವಾಗ ಎಷ್ಟು ನೀರೆತ್ತಿದರೂ ಲೆಕ್ಕಕ್ಕಿಲ್ಲ. ತಳದ ಕೆಸರು ಕಾಣುವವರೆಗೆ ಎತ್ತಿದೆವು. ನೀರೆಲ್ಲ ಹೋದ ಮೇಲೆ ಗೋಡೆ, ಹಗ್ಗ, ಬಕೆಟ್ಟನ್ನು ಬೇರೆಯಾಗಿ ತೊಳೆಯಬೇಕಿಲ್ಲ ಎಂದು ಇಮಾಮರು ಹೇಳಿದ್ದರು. ಸಂಜೆಗೆ ಮೊಣಕಾಲುದ್ದ ಹೊಸ ನೀರು ಜಿನುಗಿ ನಿಂತಿತ್ತು. ಕಾಕಾ ಅದರೊಳಗೆ ಒಂದು ಚಿಟಿಕೆ ವಿಭೂತಿ ಉದುರಿಸಿದರು. ನಾನು ಬಕೆಟ್ ಇಳಿಸಿ ಬಾಯಿ ಮುಕ್ಕಳಿಸಿದೆ, ಮೊದಲಿನಷ್ಟೇ ಸವಳಾಗಿತ್ತು.